ಕಾಸ್ ಪಠಾರದ ಹೂವು: ಯಾವ ವಾರ ಹೋಗಬೇಕು? ಹೋದ ವರ್ಷ ಬರೀ ಮಂಜು ನೋಡಿ ಬಂದೆವು

ಹಾದಿಹೂ (ಬೆಂಗಳೂರು), ಆಗಸ್ಟ್ 4

ಹೋದ ವರ್ಷ ಜುಲೈನಲ್ಲೇ ಕೂತು ಸೆಪ್ಟೆಂಬರ್ ಮೊದಲ ಶನಿವಾರಕ್ಕೆ ಎಲ್ಲ ಬುಕ್ ಮಾಡಿದ್ದೆ. ಕಾಸ್ ಪ್ರವೇಶದ ಟಿಕೆಟ್, ಬೆಟ್ಟದ ಮೇಲೇ ರೂಮು, ಆಫೀಸಿನ ರಜೆ. ನಾನು, ನನ್ನವರು, ಅಮ್ಮ. ಬೆಂಗಳೂರಿನಿಂದ ಮಹಾರಾಷ್ಟ್ರದ ಸಾತಾರಾಕ್ಕೆ ಹೆಚ್ಚುಕಡಿಮೆ 730 ಕಿಲೋಮೀಟರ್ ಕಾರಲ್ಲಿ ಹೋದೆವು. ಮೇಲೆ ಹೋದರೆ ಹತ್ತು ಅಡಿ ಆಚೆಗೆ ಏನೂ ಕಾಣದಷ್ಟು ಮಂಜು. ಕಾಲ ಬುಡದಲ್ಲಿ ಹಸಿರು ಹುಲ್ಲು, ನಡುವೆ ಅಲ್ಲೊಂದು ಇಲ್ಲೊಂದು ಬಿಳಿ ಗುಂಡಿಯಂಥ ಹೂವು. ಎರಡು ದಿನ ಇದ್ದು ವಾಪಸ್ ಬಂದೆವು. ಹತ್ತು ದಿನ ಬಿಟ್ಟು ನಮ್ಮ ಸಹೋದ್ಯೋಗಿಯೊಬ್ಬರು ಹೋಗಿ ತೆಗೆದ ಫೋಟೋ ನೋಡಿದೆ. ಅದೇ ಜಾಗ, ನೆಲವೆಲ್ಲ ನೀಲಿ ಮತ್ತು ಗುಲಾಬಿ.

ಅಮ್ಮನಿಗೆ ಈಗ 68. ಈ ವರ್ಷ ಮತ್ತೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಜಾಗದ ಬಗ್ಗೆ ಮಾಹಿತಿ ಬೇಡ, ಎಲ್ಲ ಓದಿದ್ದೇನೆ. ದಿನ ಹೇಗೆ ಆರಿಸೋದು, ಅದನ್ನ ಹೇಳಿ.

ಸುತ್ತಾಟ, ಆಗಸ್ಟ್ 4

ಸುಲಭ ಇದೆ. ಗೌರಿ-ಗಣೇಶ ಹಬ್ಬ ಮುಗಿದ ಮಾರನೇ ವಾರ ಹೋಗಿ. ನಾನು 2023ರಲ್ಲಿ ಹಬ್ಬ ಆದ ಐದನೇ ದಿನಕ್ಕೆ ಹೋಗಿದ್ದೆ, ಕಣ್ಣು ತುಂಬ ಹೂವಿತ್ತು. ಅಲ್ಲಿಯ ಜನವೂ ಗೌರಿ ಹಬ್ಬಕ್ಕೆ ಹೂ ಬರುತ್ತೆ ಅಂತಲೇ ಹೇಳಿದ್ದು.

ಮುಗಿಲ್‌ಪೇಟೆ, ಆಗಸ್ಟ್ 5

ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಅಲ್ವಾ? ಮುನ್ನಾರಿನಲ್ಲಿ 2018ರಲ್ಲಿ ಆಯ್ತು, ಇನ್ನು 2030ಕ್ಕೇ. ಈ ವರ್ಷ ಹೋಗಿ ಪ್ರಯೋಜನ ಇಲ್ಲ. ಆ 2018ರಲ್ಲಿ ನಾವು ಆಗಸ್ಟ್ ಮಧ್ಯಕ್ಕೆ ಅಂತ ಇಟ್ಟುಕೊಂಡಿದ್ದೆವು. ಕೇರಳದಲ್ಲಿ ಪ್ರವಾಹ ಬಂತು, ರಸ್ತೆಗಳೇ ಕೊಚ್ಚಿಹೋದವು. ಹೂವು ತಡವಾಗಿ ಸೆಪ್ಟೆಂಬರಿನಲ್ಲಿ ಅರಳಿತಂತೆ, ಅಷ್ಟೊತ್ತಿಗೆ ನಮ್ಮ ರಜೆ ಮುಗಿದಿತ್ತು. ಹನ್ನೆರಡು ವರ್ಷ ಕಾದು ಒಂದು ತಿಂಗಳಲ್ಲಿ ತಪ್ಪಿಹೋಯ್ತು, ಅದು ಇನ್ನೂ ನೋಯುತ್ತೆ.

ಹಾದಿಹೂ, ಆಗಸ್ಟ್ 5

ಓದಿ ಬೇಜಾರಾಯ್ತು. ಆದರೆ ನಾನು ಕೇಳಿದ್ದು ಕುರಿಂಜಿ ಬಗ್ಗೆ ಅಲ್ಲ. ಕಾಸ್‌ನಲ್ಲಿ ಪ್ರತಿ ವರ್ಷ ಮಳೆಗಾಲದ ಕೊನೆಗೆ ಬರುವ ಸಣ್ಣ ಸಣ್ಣ ಹೂವುಗಳ ಬಗ್ಗೆ.

ಬೆಳಗಾವಿ ಟೀಚರ್, ಆಗಸ್ಟ್ 5

ಮುಗಿಲ್‌ಪೇಟೆ ಅವರ, ಒಂದು ಮಾತು. ಮುನ್ನಾರ ಗಡಿಯಾರ ಬ್ಯಾರೆ ಗುಡ್ಡಕ್ಕ ನಡಿಯೂದಿಲ್ರಿ. ಕೊಡಗಿನ ಮಾಂದಲಪಟ್ಟಿ ಕಡೆ 2021ಕ್ಕ ಅರಳಿತ್ತು, ಚಿಕ್ಕಮಗಳೂರ ಚಂದ್ರದ್ರೋಣದಾಗ 2022ಕ್ಕ. ಗುಡ್ಡದಿಂದ ಗುಡ್ಡಕ್ಕ ವರ್ಷ ಬ್ಯಾರೆ ಇರತೈತಿ, 2030ರ ತನಕ ಕೈ ಕಟ್ಟಿ ಕೂಡೂದು ಬ್ಯಾಡ.

ಈಗ ಹಾದಿಹೂ ಅವರಿಗೆ. ನಾ ಶಾಲಿಯೊಳಗ ಜೀವಶಾಸ್ತ್ರ ಕಲಿಸಿ ನಿವೃತ್ತಿ ಆದಾಕಿ. ಕಾಸಕ್ಕ ಹನ್ನೊಂದು ಸಲ ಹೋಗೀನಿ. ಹೋದಾಗೊಮ್ಮೆ ತಾರೀಖು, ಮಳಿ, ಯಾವ ಹೂವ ಎಷ್ಟಿತ್ತು ಅಂತ ಒಂದು ವಹಿಯೊಳಗ ಬರದಿಟ್ಟೀನಿ. ಅದರ ಮ್ಯಾಲೆ ಹೇಳ್ತೀನಿ.

ಮೊದಲ ನೆಲ ತಿಳ್ಕೋರಿ. ಅದು ಜಂಬಿಟ್ಟಿಗೆ ಕಲ್ಲಿನ ಬಯಲು, ಸಮುದ್ರಮಟ್ಟದಿಂದ ಸುಮಾರು 1200 ಮೀಟರ್ ಮ್ಯಾಲೆ. ಕಲ್ಲಿನ ಮ್ಯಾಲೆ ಮಣ್ಣು ಭಾಳ ಕಡೆ ಬೆರಳ ದಪ್ಪನೂ ಇಲ್ಲ. ಬ್ಯಾಸಗಿಯೊಳಗ ಕಾದ ಹೆಂಚು, ಮಳಿಗಾಲದಾಗ ನೀರು ನಿಂತ ತಾಟು. ಅಲ್ಲಿ ಗಿಡಕ್ಕ ಬದುಕಾಕ ಸಿಗೂದು ಮೂರು-ನಾಕು ತಿಂಗಳು. ಬೀಜ ಮೊಳಿತು, ಹೂವ ಬಿಟ್ಟು, ಮತ್ತ ಬೀಜ ಉದುರಿಸೂದು, ಎಲ್ಲಾ ನೀರು ಆರೂದರೊಳಗ ಮುಗೀಬೇಕು. ಅದಕ್ಕ ಎಲ್ಲಾವೂ ಒಮ್ಮೆಲೆ ನೂಕಿ ಅರಳತಾವ, ಅಷ್ಟ ಲಗೂನ ಹೋಗತಾವ.

ಆದ್ರ ಎಲ್ಲಾ ಹೂವಿಗೂ ಒಂದ ವಾರ ಅಂತ ಇಲ್ರಿ. ಅಲೆ ಅಲೆ ಬರತಾವ. ಮೊದಲ ಬಿಳಿ ಗುಂಡಿಯಂಥದ್ದು, ಮರಾಠಿಯೊಳಗ ಗೇಂದ ಅಂತಾರ. ನೀವು ಹೋದ ವರ್ಷ ಕಂಡದ್ದು ಅದ. ಅಂದ್ರ ನೀವು ಹೋಗಿದ್ದು ಸುರುವಾತಿನೊಳಗ. ಆಮ್ಯಾಲೆ ನೀಲಿ, ಸೀತೆಯ ಕಣ್ಣೀರು ಅಂತ ಅಲ್ಲಿ ಕರೀತಾರ. ಮಣ್ಣಿನಾಗ ಸಾರ ಇಲ್ಲ ಅಂತ ಅದು ನೀರಿನೊಳಗಿನ ಸಣ್ಣ ಜೀವಿ ಹಿಡಿದು ತಿಂತೈತಿ. ಅದರ ಜೋಡಿ ಗುಲಾಬಿ ತೆರಡಾ, ನಮ್ಮ ಗೌರಿಹೂವಿನ ಬಳಗದ್ದು. ಈ ಎರಡೂ ಕೂಡಿದಾಗ ಬರೂದ ನಿಮ್ಮ ಸಹೋದ್ಯೋಗಿ ತಗದ ಫೋಟೋ. ಅವು ಇಳಿಯೂ ಹೊತ್ತಿಗೆ ಹಳದಿ ಬರತೈತಿ, ಕಾವಳಾ ಮತ್ತ ಸೋನಕಿ. ಒಂದೊಂದು ಅಲಿಗೆ ಸುಮಾರು ಎರಡು ವಾರ, ಅದರಾಗ ತುಂಬಿದ್ದು ಅನ್ನೂದು ಐದಾರು ದಿನ.

ಅದಕ್ಕ ನಿಮ್ಮ ಮೊದಲ ಪ್ರಶ್ನೆ ಯಾವ ದಿನ ಅಂತಲ್ಲ, ಅವ್ವಾರಿಗೆ ಯಾವ ಬಣ್ಣ ತೋರಸಬೇಕು ಅಂತ.

ಹಾದಿಹೂ, ಆಗಸ್ಟ್ 6

ಟೀಚರ್, ತುಂಬಾ ಧನ್ಯವಾದ. ನಾವು ಸುರುವಾತಿನಲ್ಲೇ ಹೋಗಿದ್ದೆವು ಅಂತ ಇವತ್ತು ಗೊತ್ತಾಯ್ತು. ಇಷ್ಟು ದಿನ ಮಂಜಿನಿಂದ ಹೂ ಕಾಣಲಿಲ್ಲ ಅಂದುಕೊಂಡಿದ್ದೆ. ಅಮ್ಮನಿಗೆ ನೀಲಿ-ಗುಲಾಬಿ ತೋರಿಸಬೇಕು. ಹಾಗಾದರೆ ಸುತ್ತಾಟ ಅವರು ಹೇಳಿದ ಹಬ್ಬದ ಲೆಕ್ಕ ಸರೀನಾ?

ಬೆಳಗಾವಿ ಟೀಚರ್, ಆಗಸ್ಟ್ 6

ಅರ್ಧ ಸರಿ. ನಮ್ಮ ಕಡೆ, ಮಹಾರಾಷ್ಟ್ರದಾಗ ತೆರಡಾ ತಂದು ಗೌರಿ ಕೂಡಸೂ ಪದ್ಧತಿ ಐತಿ, ಅದು ಖರೆ. ಆದ್ರ ಹಬ್ಬ ನಡಿಯೂದು ಚಂದ್ರನ ಲೆಕ್ಕದಾಗ. 2020ಕ್ಕ ಚೌತಿ ಆಗಸ್ಟ್ 22ಕ್ಕ ಬಂದಿತ್ತು, 2023ಕ್ಕ ಸೆಪ್ಟೆಂಬರ್ 18-19ಕ್ಕ. ನಾಕು ವಾರ ಫರಕು. ಸುತ್ತಾಟ ಅವರು ಹೋಗಿದ್ದ ಆ ವರ್ಷ ಹಬ್ಬ ತಡಾ ಆಗಿತ್ತು, ಅದಕ್ಕ ಹೂವ ಸಿಕ್ಕವು. 2020ರಾಗ ಅದ ಲೆಕ್ಕ ಹಿಡಿದಿದ್ರ ಆಗಸ್ಟ್ ಕಡೀಗೆ ಹಸಿರು ಹುಲ್ಲು ನೋಡಿ ಬರತಿದ್ರು.

ನಮ್ಮ ಅಪ್ಪ ಒಕ್ಕಲುತನ ಮಾಡಾವ್ರು. ಅವರ ಲೆಕ್ಕ ಮಳಿ ನಕ್ಷತ್ರದ್ದು, ಅದು ಸೂರ್ಯನ ಮ್ಯಾಲೆ ನಡೀತೈತಿ, ಹೆಚ್ಚಂದ್ರ ಒಂದು ದಿನ ಆಕಡೆ ಈಕಡೆ ಆಗತೈತಿ. ಹುಬ್ಬಿ ಮಳಿ ಆಗಸ್ಟ್ 30ರ ಸುಮಾರಿಗೆ ಹೂಡತೈತಿ, ಉತ್ತರಿ ಸೆಪ್ಟೆಂಬರ್ 13ಕ್ಕ, ಹಸ್ತ 27ಕ್ಕ. ನನ್ನ ವಹಿಯೊಳಗ ನೀಲಿ-ಗುಲಾಬಿ ತುಂಬಿದ್ದು ಹುಬ್ಬಿಯ ಕಡಿ ಪಾದದಿಂದ ಉತ್ತರಿಯ ಮೊದಲ ಪಾದದ ತನಕ. ಹಳದಿ ಉತ್ತರಿಯ ಎರಡನೇ ಅರ್ಧಕ್ಕ. ಹಬ್ಬ ಬಿಡ್ರಿ, ಇದನ್ನ ಹಿಡೀರಿ.

ಸುತ್ತಾಟ, ಆಗಸ್ಟ್ 6

ಇದು ನನಗೆ ಹೊಳೆದೇ ಇರಲಿಲ್ಲ ಟೀಚರ್. ಈ ಹಬ್ಬದ ಲೆಕ್ಕವನ್ನ ನಾಕೈದು ಜನಕ್ಕೆ ಹೇಳಿದ್ದೇನೆ. ಅವರಿಗೆಲ್ಲ ಫೋನ್ ಮಾಡಿ ತಿದ್ದುತ್ತೇನೆ.

ಪಾದೆ ಮೇಲಿನವ (ಉಡುಪಿ), ಆಗಸ್ಟ್ 7

ಇಷ್ಟು ದೂರ ಯಾಕೆ ಹೋಗುವುದು ಮಾರಾಯ್ರೆ? ನಮ್ಮಲ್ಲಿ ಮುರಕಲ್ಲಿನ ಪಾದೆಗಳ ಮೇಲೆ ಅದೇ ನೀಲಿ ಹೂ, ಅದೇ ಬಿಳಿ ಗುಂಡಿ ಬರ್ತದೆ. ಮನೆಯಿಂದ ಹತ್ತು ನಿಮಿಷ. ಟಿಕೆಟ್ ಇಲ್ಲ, ಗಲಾಟೆ ಇಲ್ಲ. ಕಾಸ್‌ನಷ್ಟು ದೊಡ್ಡ ಬಯಲು ಇಲ್ಲ, ಅದು ನಿಜ. ಆದರೆ ಕಲ್ಲು ತೆಗೆಯುವ ಕೋರೆಗಳು ಪಾದೆಗಳನ್ನು ತಿನ್ನುತ್ತಾ ಬಂದಿವೆ. ನಾನು ಸಣ್ಣವನಿದ್ದಾಗ ಹೂ ಕೊಯ್ದ ಎರಡು ಪಾದೆಗಳಲ್ಲಿ ಈಗ ಹೊಂಡ ಉಂಟು, ನೀರು ನಿಂತಿದೆ. ಇರುವುದನ್ನಾದರೂ ಬಂದು ನೋಡಿ.

ಹಾದಿಹೂ, ಆಗಸ್ಟ್ 7

ನಮ್ಮ ಕರಾವಳಿಯಲ್ಲೂ ಇದೆ ಅಂತ ಗೊತ್ತೇ ಇರಲಿಲ್ಲ. ಮುಂದಿನ ವರ್ಷ ಖಂಡಿತ. ಈ ಸಲ ಅಮ್ಮನಿಗೆ ಕಾಸ್ ಅಂತ ಮಾತು ಕೊಟ್ಟಾಗಿದೆ.

ಟೀಚರ್, ಒಂದು ಕಷ್ಟ ಇದೆ. ಹುಬ್ಬೆಯ ಕೊನೆಯಿಂದ ಉತ್ತರೆಯ ಮೊದಲವರೆಗೆ ಅಂದರೂ ಏಳು ದಿನ ಆಯ್ತು. ನನಗೆ ಮೂರು ದಿನ ರಜೆ ಸಿಗುತ್ತೆ. ಆ ಏಳರಲ್ಲಿ ಮೂರನ್ನ ಹೇಗೆ ಆರಿಸೋದು?

ಬೆಳಗಾವಿ ಟೀಚರ್, ಆಗಸ್ಟ್ 8

ಈಗ ಆರಸೂದು ಬ್ಯಾಡ. ಹೋದ ವರ್ಷ ನೀವು ತಪ್ಪಿದ್ದು ಅಲ್ಲೇ. ಒಂದೆರಡು ತಿಂಗಳು ಮೊದಲ ದಿನಾ ಗಟ್ಟಿ ಮಾಡಿದ್ರಿ. ಈ ಸಲ ದಿನಾ ಬ್ಯಾಡ, ಯಾವ ದಿನಾ ನಿರ್ಧಾರ ಮಾಡಬೇಕು ಅನ್ನೂದನ್ನ ಗಟ್ಟಿ ಮಾಡ್ರಿ. ಸಾಹೇಬರಿಗೆ ಈಗ ಹೇಳಿ ಇಡ್ರಿ: ಸೆಪ್ಟೆಂಬರ್ 8ರಿಂದ 22ರೊಳಗ ಮೂರು ದಿನ ಬೇಕು, ನಾಕು ದಿನ ಮೊದಲ ತಿಳಸ್ತೀನಿ ಅಂತ. ಕಾಸ್‌ಗೆ ದಿನಕ್ಕ 3000 ಜನರ ಮಿತಿ ಐತಿ. ಶನಿವಾರ-ರವಿವಾರ ಭರ್ತಿ ಆಗತೈತಿ, ವಾರದ ನಡುವ ನನಗ ಎರಡು ದಿನ ಮೊದಲೂ ಸಿಕ್ಕೈತಿ. ಗುಡ್ಡದ ಮ್ಯಾಲೆ ರೂಮು ಹಿಡೀಬ್ಯಾಡ್ರಿ. ಸಾತಾರಾ ಊರಾಗ ಇರ್ರಿ, ಅಲ್ಲಿಂದ 25 ಕಿಲೋಮೀಟರ್ ಅಷ್ಟ, ರದ್ದು ಮಾಡಿದ್ರೂ ರೊಕ್ಕ ಹೋಗೂದಿಲ್ಲ ಅಂಥಾ ಲಾಡ್ಜ್ ಬೇಕಾದಷ್ಟು ಅದಾವ.

ಹವಾಮಾನ ನೋಡೂದರೊಳಗ ಒಂದು ಮೋಸ ಐತಿ. ಫೋನಿನಾಗ ಸಾತಾರಾ ಅಂತ ಹಾಕಿದ್ರ ಊರಿನ ಮಳಿ ತೋರಸತೈತಿ. ಊರು ಗುಡ್ಡದ ಮೂಡಲಕ್ಕ, ಮಳಿ ನೆರಳಿನಾಗ ಐತಿ. ಊರಾಗ ಬಿಸಲು ಇದ್ದಾಗ ಮ್ಯಾಲೆ ಕಾಸ್‌ನಾಗ ಸುರಿಯೂದು ನಾ ಭಾಳ ಸಲ ಕಂಡೀನಿ. ಅದಕ್ಕ ನಾ ಮಹಾಬಳೇಶ್ವರದ ಮಳಿ ನೋಡತೀನಿ. ಅದ ಘಟ್ಟದ ಸಾಲಿನ ಮ್ಯಾಲೆ ಐತಿ. ಕಾಸ್‌ಗಿಂತ ಅಲ್ಲಿ ಭಾಳ ಜಾಸ್ತಿ ಸುರೀತೈತಿ, ಆದ್ರ ಏರಿಳಿತ ಒಂದ ತರಾ. ಜಡಿ ಮಳಿ ನಿಂತು, ದಿನಕ್ಕ 20 ಮಿಲಿಮೀಟರಿನ ಒಳಗ ಮೂರು ದಿನ ಸತತ ಬಂತು ಅಂದ್ರ ಮ್ಯಾಲೆ ಬಿಸಲು ಬೀಳಾಕ ಹತ್ತೈತಿ ಅಂತ ಅರ್ಥ. ಇದು ನನ್ನ ಲೆಕ್ಕ, ಪುಸ್ತಕದ್ದಲ್ಲ. ಹುಬ್ಬಿ ಅರ್ಧ ಕಳದ ಮ್ಯಾಲೆ ಇಂಥಾ ಮೂರು ದಿನ ಬಂದಾಗ ಹೊಂಟ್ರ ಎಂಟು ಸಲದೊಳಗ ಆರು ಸಲ ಬಣ್ಣ ತುಂಬಿತ್ತು.

ತಪ್ಪಿದ ಎರಡರ ಕತಿನೂ ಹೇಳತೀನಿ. ಒಂದು ವರ್ಷ ಆಗಸ್ಟ್ ಕಡೀಗೆ ಮಳಿ ಕೈ ಕೊಟ್ಟಿತ್ತು. ನಾ ಸೆಪ್ಟೆಂಬರ್ 14ಕ್ಕ ಹೋದ್ರ ತೆರಡಾ ಕಾಯಿ ಕಟ್ಟಿತ್ತು, ಮುಟ್ಟಿದ್ರ ಸಿಡೀತಿತ್ತು. ಹಂಗ ಸಿಡಿದ್ರ ತಡಾ ಆತು ಅಂತ ತಿಳೀಬೇಕು. ಇನ್ನೊಂದು ವರ್ಷ 20ರ ತನಕ ಮಳಿ ಬಿಡಲಿಲ್ಲ. ನಡುವ ಮೂರು ದಿನ ಹೊಳವು ಕೊಟ್ಟಿತು ಅಂತ ಹೋದೆ, ಮೊಗ್ಗು ಇದ್ದವು, ಹೂವ ಇಲ್ಲ. ತುಂಬಿದ್ದು 26ಕ್ಕ. ನಮ್ಮ ಕಡೆ ಒಂದು ಮರಾಠಿ ಗಾದಿ ಐತಿ, ತೆರಡಾದ ಬಣ್ಣ ಮೂರು ದಿನ ಅಂತ.

ಮಿಶಿಗನ್ ಕನ್ನಡತಿ, ಆಗಸ್ಟ್ 9

ನಾವಿಲ್ಲಿ ಪ್ರತಿ ವರ್ಷ ಎಲೆ ಬಣ್ಣಕ್ಕೆ ಇದೇ ಪಾಡು ಪಡುತ್ತೇವೆ. ಒಂದು ಅನುಕೂಲ ಇದೆ, ಬಣ್ಣ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತೆ. ಸೆಪ್ಟೆಂಬರ್ ಕೊನೆಗೆ ಉತ್ತರದ ಮೇಲಿನ ಭಾಗದಲ್ಲಿ ಕೆಂಪಾಗಿದ್ದರೆ ನಮ್ಮ ಊರ ಕಡೆ ಅಕ್ಟೋಬರ್ ಮಧ್ಯಕ್ಕೆ. ಬೇಗ ಹೋದೆವು ಅಂದರೆ ಇನ್ನೂ ಉತ್ತರಕ್ಕೆ ಕಾರು ಓಡಿಸುತ್ತೇವೆ, ತಡವಾದರೆ ದಕ್ಷಿಣಕ್ಕೆ. ಕಾಸ್‌ನಲ್ಲಿ ಹಾಗೆ ಜಾಗ ಬದಲಿಸಿ ಸರಿಮಾಡಿಕೊಳ್ಳೋಕೆ ಆಗಲ್ವಾ ಟೀಚರ್?

ಬೆಳಗಾವಿ ಟೀಚರ್, ಆಗಸ್ಟ್ 9

ಪೂರಾ ಆಗೂದಿಲ್ರಿ. ಕಾಸ್ ಬಯಲು ಒಂದ ಎತ್ತರದಾಗ ಐತಿ, ಎಲ್ಲಾ ಕಡೆ ಒಂದ ವಾರ. ಸಾತಾರಾದ ದಕ್ಷಿಣಕ್ಕ ಗಾಳಿ ಯಂತ್ರಗೋಳು ಇರೂ ಚಾಳಕೇವಾಡಿ ಬಯಲು ಐತಿ. ಕಾಸ್ ಮಂಜಿನಾಗ ಮುಳುಗಿದಾಗ ಅಲ್ಲಿ ಹೊಳವು ಇದ್ದದ್ದು ಕಂಡೀನಿ. ಹೂವು ಕಾಸ್‌ನಷ್ಟು ಒತ್ತೊತ್ತಾಗಿ ಇರೂದಿಲ್ಲ. ಬರೀಗೈಲೆ ಬರಬಾರದು ಅಂದ್ರ ಆದೀತು.

ಹಾದಿಹೂ, ಸೆಪ್ಟೆಂಬರ್ 5

ಇಲ್ಲಿಯವರೆಗಿನ ಸ್ಥಿತಿ. ಮಹಾಬಳೇಶ್ವರದಲ್ಲಿ ಮಳೆ ಒಂದೇ ಸಮ ಸುರಿಯುತ್ತಿದೆ. ಹೋದ ವರ್ಷದ ರೂಮಿನವರಿಗೆ ಸುಮ್ಮನೆ ಫೋನ್ ಮಾಡಿ ಕೇಳಿದೆ, ಹೂವು ಫುಲ್ ಇದೆ, ಈಗಲೇ ಬನ್ನಿ ಅಂದರು. ಹೋದ ವರ್ಷವೂ ಇದೇ ಮಾತು ಹೇಳಿದ್ದರು. ಇನ್‌ಸ್ಟಾಗ್ರಾಂನಲ್ಲೂ ನೀಲಿ ಬಯಲಿನ ಫೋಟೋ ಬರುತ್ತಿವೆ. ಹೊರಟುಬಿಡಲಾ ಅನ್ನೋ ಹಾಗೆ ಆಗಿದೆ.

ಬೆಳಗಾವಿ ಟೀಚರ್, ಸೆಪ್ಟೆಂಬರ್ 5

ತಡೀರಿ. ಹಳೀ ಫೋಟೋ ಹೊಸಾ ತಾರೀಖಿನಾಗ ತಿರಗತಾವ. ದೊಡ್ಡ ಲೆನ್ಸಿನಾಗ ಹತ್ತು ಹೂವ ಹತ್ತು ಸಾವಿರ ಕಾಣತಾವ. ಯಾರರೆ ಪರಿಚಯದವರು, ಸಾತಾರಾದ ಗಾಡಿ ಡ್ರೈವರ್ ಆದ್ರೂ ಆತು, ನಿಂತ ಎತ್ತರದಿಂದ ಮುಗಿಲೂ ನೆಲಾನೂ ಎರಡೂ ಬರೂ ಹಂಗ ಇವತ್ತಿಂದು ಒಂದು ಫೋಟೋ ಕಳಸಂತ ಹೇಳ್ರಿ. ಬರೀ ಬಿಳಿ ಇದ್ರ ಇನ್ನೂ ಹೊತ್ತೈತಿ. ಬಿಳಿ ನಡುವ ನೀಲಿ ಛಾಯಾ ಕಂಡ್ರ ವಾರದೊಳಗ. ಹಳದಿ ಕಂಡ್ರ ನೀಲಿ ಇಳೀಲಿಕ್ಕೆ ಹತ್ತೈತಿ.

ಹಾದಿಹೂ, ಸೆಪ್ಟೆಂಬರ್ 6

ಹೋದ ವರ್ಷ ನಮ್ಮನ್ನ ಕರೆದುಕೊಂಡು ಹೋದ ಡ್ರೈವರಣ್ಣ ಫೋಟೋ ಕಳಿಸಿದರು. ಬಯಲೆಲ್ಲ ಬಿಳಿ ಚುಕ್ಕಿ. ನೀರು ನಿಂತ ತಗ್ಗಿನ ಅಂಚಿನಲ್ಲಿ ಮಾತ್ರ ಸ್ವಲ್ಪ ನೀಲಿ. ರೂಮಿನವರು ಹೇಳಿದ ಫುಲ್ ಎಲ್ಲೂ ಇಲ್ಲ. ಕಾಯುತ್ತೇನೆ.

ಹಾದಿಹೂ, ಸೆಪ್ಟೆಂಬರ್ 13

10ನೇ ತಾರೀಖಿನವರೆಗೂ ಜೋರು ಮಳೆ. 11ಕ್ಕೆ ಇಳಿಯಿತು, 12 ಮತ್ತು ಇವತ್ತು ಬರೀ ಹನಿ. ಇವತ್ತು ಉತ್ತರೆ ಹೂಡಿದೆ. ಟೀಚರ್ ಹೇಳಿದ ಮೂರು ದಿನ ಆಯ್ತು. ರಜೆ ತಿಳಿಸಿದೆ. 15ರ ಬೆಳಿಗ್ಗೆ ನಾಕು ಗಂಟೆಗೆ ಹೊರಟು ರಾತ್ರಿ ಸಾತಾರಾ ತಲುಪುತ್ತೇವೆ. 16, 17 ಎರಡೂ ಬೆಳಿಗ್ಗೆ ಮೇಲೆ. ಟಿಕೆಟ್ ಸಿಕ್ಕಿತು.

ಬೆಳಗಾವಿ ಟೀಚರ್, ಸೆಪ್ಟೆಂಬರ್ 13

ಹೋಗ್ರಿ. ಮುಂಜಾನೆ ಮಂಜು ನೋಡಿ ಎದಿ ಒಡಕೋಬ್ಯಾಡ್ರಿ. ಹತ್ತು ಗಂಟೆ ಮುಂದ ಬಿಸಲು ಬಿದ್ದ ಮ್ಯಾಲೆ ನೋಡ್ರಿ. ಅವ್ವಾರಿಗೆ ಒಂದು ಸಣ್ಣ ಸ್ಟೂಲ್ ಒಯ್ಯಿರಿ, ದಾರಿ ಮ್ಯಾಲೆ ಕೂತು ನೋಡಲಿ. ದಾರಿ ಬಿಟ್ಟು ಕಾಲಿಡಬ್ಯಾಡ್ರಿ, ಆ ಬೆರಳ ದಪ್ಪದ ಮಣ್ಣು ಒಮ್ಮೆ ತುಳಿದ್ರ ಎದ್ದು ಬರೂದಿಲ್ಲ.

ಹಾದಿಹೂ, ಸೆಪ್ಟೆಂಬರ್ 19

ಬಂದೆವು. ಇದನ್ನ ನಿಧಾನವಾಗಿ ಬರೀತೀನಿ.

16ರ ಬೆಳಿಗ್ಗೆ ಏಳೂವರೆಗೆ ಮೇಲಿದ್ದೆವು. ಹೋದ ವರ್ಷದ್ದೇ ಮಂಜು. ಗಾಡಿ ನಿಲ್ಲಿಸಿ ಅಲ್ಲಿಯ ಬಸ್ಸಲ್ಲಿ ಗೇಟಿನವರೆಗೆ ಹೋದೆವು, ಅಮ್ಮನ ಮುಖ ನೋಡೋಕಾಗಲಿಲ್ಲ. ನನ್ನವರು ಒಂಬತ್ತಕ್ಕೆ ಹೊರಡೋಣ, ಸಂಜೆ ಮತ್ತೆ ಬರೋಣ ಅಂದರು. ಟೀಚರ್ ಮಾತು ನೆನಪಿಸಿ ನಿಲ್ಲಿಸಿದೆ. 10:40ರ ಹೊತ್ತಿಗೆ ಗಾಳಿ ತಿರುಗಿತು. ಮಂಜು ಪರದೆ ಎತ್ತಿದ ಹಾಗೆ ಎಡಗಡೆಯಿಂದ ಎದ್ದುಹೋಯ್ತು. ಆ ತುದಿಯಿಂದ ಈ ತುದಿಯವರೆಗೂ ನೀಲಿ, ಅದರ ಮೇಲೆ ಗುಲಾಬಿ ಪಟ್ಟೆ. ಹತ್ತಿರ ಕೂತು ನೋಡಿದರೆ ಒಂದೊಂದು ನೀಲಿ ಹೂವು ಕಿರುಬೆರಳಿನ ಉಗುರಿನಷ್ಟು. ಅಮ್ಮ ಸ್ಟೂಲ್ ಮೇಲೆ ಕೂತು ಒಂದೂವರೆ ಗಂಟೆ ಏಳಲೇ ಇಲ್ಲ. ಮಧ್ಯಾಹ್ನ ಒಂದಕ್ಕೆ ಮತ್ತೆ ಮಳೆ ಬಂತು. ಅಂದರೆ ನಮಗೆ ಸಿಕ್ಕಿದ್ದು ಒಟ್ಟು ಎರಡು ಗಂಟೆ ಇಪ್ಪತ್ತು ನಿಮಿಷ.

17ಕ್ಕೆ ಹೋದಾಗ ಇಡೀ ದಿನ ಮಂಜು ಬಿಡಲಿಲ್ಲ. ಒಂದೇ ದಿನ ಇಟ್ಟುಕೊಂಡು ಆ ದಿನ 17 ಆಗಿದ್ದಿದ್ದರೆ ಈ ವರ್ಷವೂ ಅದೇ ಕತೆಯಾಗುತ್ತಿತ್ತು.

ಹಳದಿ ಎಲ್ಲೋ ಒಂದೆರಡು ಕಡೆ ಮಾತ್ರ ಇತ್ತು. ಅಮ್ಮ ಈಗ ಅದು ಯಾವಾಗ ಅಂತ ಕೇಳುತ್ತಿದ್ದಾರೆ. ಮತ್ತೊಂದು ಪ್ರಶ್ನೆ. ಅಲ್ಲಿ ಒಬ್ಬ ಹಿರಿಯರು, ಮೊದಲಿನಷ್ಟು ಹೂವಿಲ್ಲ, ದನ ಮೇಯೋದು ನಿಂತಿದ್ದೇ ಕಾರಣ ಅಂದರು. ಇದು ನಿಜವೇ?

ಬೆಳಗಾವಿ ಟೀಚರ್, ಸೆಪ್ಟೆಂಬರ್ 19

ಓದಿ ಕಣ್ಣು ತುಂಬಿ ಬಂತ್ರಿ. ಅವ್ವಾರಿಗೆ ನನ್ನ ನಮಸ್ಕಾರ ತಿಳಸ್ರಿ.

ದನದ ಮಾತು ನಾನೂ ಕೇಳೀನಿ. ಮೇಯೂದು ನಿಂತ್ರ ಹುಲ್ಲು ಎತ್ತರ ಆಗಿ ಸಣ್ಣ ಹೂವಿಗೆ ಬೆಳಕು ಸಿಗೂದಿಲ್ಲ ಅಂತಾರ. ಬೇಲಿ ಹಾಕಿದ್ರು, ಆಮ್ಯಾಲೆ ತಗದ್ರು. ನನಗೂ ಅದರಾಗ ಅರ್ಥ ಐತಿ ಅನಸತೈತಿ.

ಪಾದೆ ಮೇಲಿನವ, ಸೆಪ್ಟೆಂಬರ್ 20

ನಾನು ಒಪ್ಪುವುದಿಲ್ಲ ಟೀಚರ್. ನಮ್ಮ ಪಾದೆಯಲ್ಲಿ ದನಗಳು ಇವತ್ತಿಗೂ ಮೇಯುತ್ತವೆ, ಹೂ ಕಮ್ಮಿ ಆಗಿದೆ. ಕಾಸ್‌ನಲ್ಲಿ ದಿನಕ್ಕೆ ಮೂರು ಸಾವಿರ ಜನ ಎಂದರೆ ಆರು ಸಾವಿರ ಕಾಲು. ಅದನ್ನು ಮೊದಲು ಲೆಕ್ಕ ಹಾಕಬೇಕು.

ಬೆಳಗಾವಿ ಟೀಚರ್, ಸೆಪ್ಟೆಂಬರ್ 20

ಕಾಲಿನ ಮಾತು ಒಪ್ಪತೀನಿ. ಆದ್ರ ಜನ ತುಳಿಯದ ಒಳಗಿನ ಬಯಲಿನಾಗೂ ಹುಲ್ಲು ಎತ್ತರ ಆಗಿದ್ದು ನಾ ಕಂಡೀನಿ. ನಿಮ್ಮ ಪಾದಿ ಬ್ಯಾರೆ, ನಮ್ಮ ಪಠಾರ ಬ್ಯಾರೆ ಇರಬಹುದು. ಬರೂ ವರ್ಷ ನಿಮ್ಮ ಕಡೆ ಬಂದು ನೋಡತೀನಿ.

ಹಾದಿಹೂ ಅವರ, ಹಳದಿಗೆ ಇನ್ನೊಂದು ವಾರ. ಉತ್ತರಿ ಮುಗಿಯೂದರೊಳಗ.

ಸುತ್ತಾಟ, ಸೆಪ್ಟೆಂಬರ್ 27

ಪುಣೆಗೆ ಹೋಗುವ ದಾರಿಯಲ್ಲಿ ಇವತ್ತು ಕಾಸ್‌ಗೆ ಹತ್ತಿದೆ. ಹಳದಿ ತುಂಬಿದೆ, ರಸ್ತೆಯ ಎರಡೂ ಬದಿ. ನೀಲಿ ತಗ್ಗುಗಳಲ್ಲಿ ಮಾತ್ರ ಉಳಿದಿದೆ. ಹಾದಿಹೂ ಅವರೇ, ಅಮ್ಮನಿಗೆ ತೋರಿಸೋಕೆ ವಿಡಿಯೋ ಕಳಿಸಿದ್ದೇನೆ, ನಿಂತ ಎತ್ತರದಿಂದ, ಮುಗಿಲು ಸೇರಿಸಿ.

ಬೆಳಗಾವಿ ಟೀಚರ್, ಸೆಪ್ಟೆಂಬರ್ 27

ತೆರಡಾ ಕಾಯಿ ಮುಟ್ಟಿ ನೋಡಿದ್ರೇನು?

ಸುತ್ತಾಟ, ಸೆಪ್ಟೆಂಬರ್ 27

ದಾರಿ ಪಕ್ಕದ ಒಂದನ್ನ ಮುಟ್ಟಿದೆ ಟೀಚರ್. ಸಿಡಿಯಿತು.